ಕಿವಿಗೆ ಕೇಳದ ಅಕ್ಷರಭೇದ

ಬಾನುಲಿಯಲ್ಲಿ ಮಾತನಾಡಲು ನಾನು ಆರಿಸಿಕೊಂಡಿರುವ ವಿಷಯ ಕಿವಿಗೆ ಕೇಳುವಂಥದಲ್ಲ. ಇಂಗ್ಲಿಷಿನಲ್ಲಿ ಒಂದು ಮಾತನ್ನು ದೊಡ್ಡಕ್ಷರದಿಂದ ಆರಂಭಿಸಿದರೂ ಸಣ್ಣಕ್ಷರದಿಂದ ಆರಂಭಿಸಿದರೂ ಉಚ್ಚಾರಣೆ ಒಂದೇ. ನಮ್ಮ ಕನ್ನಡದಲ್ಲಿ ಈ ಭೇದವೇ ಇಲ್ಲ. ರಾಮನ 'ರಾ'ಕಾರಕ್ಕೂ ರಾಗಿಯ 'ರಾ'ಕಾರಕ್ಕೂ ರೂಪ ಒಂದೇ. ಆದುದರಿಂದಲೇ ಇಂಗ್ಲಿಷ್ ಪತ್ರಗಳನ್ನು ಬರೆಯುವಾಗ ನಾವು ಈ ದೊಡ್ಡಕ್ಷರವನ್ನು ಒಂದು ಅಲಂಕಾರವೆಂದು ಬಗೆಯುತ್ತೇವೆ. ಅದು ಅಲಂಕಾರವಲ್ಲವೆಂಬುದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಆ ಪ್ರಸಂಗಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮೂಲತತ್ತ್ವ. ವಾಕ್ಯದ ಆದಿಯಲ್ಲಿ ಬರುವುದನ್ನು ಬಿಟ್ಟರೆ, ದೊಡ್ಡಕ್ಷರದ ಮುಖ್ಯ ಕೆಲಸ ಒಂದೇ: ಈ ಮಾತು ಇಲ್ಲಿ ಹೆಸರಾಗಿ ನಿಂತಿದೆ ಎಂದು ತಿಳಿಸುವುದು. ನಮ್ಮ ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ರೂಢನಾಮವನ್ನು ಅಂಕಿತನಾಮದಿಂದ ಬೇರ್ಪಡಿಸುವುದು. ನದಿ ಎಂಬುದು ರೂಢನಾಮ, ಕಾವೇರಿ ಎಂಬುದು ಅಂಕಿತನಾಮ. ಇದಿಷ್ಟನ್ನು ಹಿಡಿದುಕೊಂಡರೆ ಉಳಿದ ನಿಯಮಗಳಲ್ಲಿ ಹೆಚ್ಚಿನವು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಹುದ್ದೆಗಳ ಹೆಸರನ್ನೇ ತೆಗೆದುಕೊಳ್ಳೋಣ. ಡೆಪ್ಯುಟಿ ಕಮಿಷನರ್ ಎಂಬ ಪದವಿ ವ್ಯಕ್ತಿಯ ಹೆಸರಿನ ಹಿಂದೆಯೇ, ಹೆಸರಿಗೆ ಅಂಟಿಕೊಂಡು ಬಂದಾಗ ಅದು ಹೆಸರಿನ ಭಾಗ. ಎರಡು ಮಾತುಗಳೂ ದೊಡ್ಡಕ್ಷರದಿಂದ ಆರಂಭವಾಗಬೇಕು. 'ಮೂರು ಜಿಲ್ಲೆಗಳ ಡೆಪ್ಯುಟಿ ಕಮಿಷನರುಗಳು ಸಭೆ ಸೇರಿದರು' ಎಂದಾಗ ಅದು ಬರಿಯ ಉದ್ಯೋಗಸೂಚಕ, ಸಣ್ಣಕ್ಷರವೇ ಸಾಕು. ಹೆಸರು ಮುಗಿದು ಅಲ್ಪವಿರಾಮ ಬಿದ್ದ ಮೇಲೆ ವಿವರಣೆಯಾಗಿ ಬರುವ ಪದವಿಗೂ ಗ್ರಂಥಮುದ್ರಣದಲ್ಲಿ ಸಾಮಾನ್ಯವಾಗಿ ಸಣ್ಣಕ್ಷರವೇ. ಪತ್ರದ ಮೇಲ್ವಿಳಾಸದಲ್ಲಿ ಮತ್ತು ಸಹಿಯ ಕೆಳಗೆ ಮಾತ್ರ ಎಲ್ಲ ಪದವಿಗಳಿಗೂ ದೊಡ್ಡಕ್ಷರ ಸಲ್ಲುತ್ತದೆ.

ಇಲ್ಲಿ ನಮ್ಮವರಿಗೆ ಒಂದು ಸಂಕೋಚ. ಕನ್ನಡದಲ್ಲಿ ಗೌರವ ಕ್ರಿಯಾಪದದ ಕೊನೆಯಲ್ಲಿರುತ್ತದೆ. 'ಸಾಹೇಬ ಬಂದ' ಎನ್ನದೆ 'ಸಾಹೇಬರು ಬಂದರು' ಎನ್ನುತ್ತೇವೆ. ಇಂಗ್ಲಿಷ್ ಕ್ರಿಯಾಪದದಲ್ಲಿ ಆ ಅವಕಾಶವಿಲ್ಲವಾದ್ದರಿಂದ ನಮ್ಮ ಗುಮಾಸ್ತರು ಆ ಗೌರವವನ್ನೆಲ್ಲ ದೊಡ್ಡಕ್ಷರದಲ್ಲಿ ತುಂಬಿದರು. ಆದರೆ ಲಂಡನ್ನಿನ ಗಾರ್ಡಿಯನ್ ಪತ್ರಿಕೆ ತನ್ನ ದೇಶದ ಪ್ರಧಾನಮಂತ್ರಿಯ ಹುದ್ದೆಯನ್ನೂ ಸಣ್ಣಕ್ಷರದಲ್ಲಿ ಅಚ್ಚು ಮಾಡುತ್ತದೆ. ಅದು ಅಗೌರವವಲ್ಲ, ಹುದ್ದೆ ಬೇರೆ, ಹೆಸರು ಬೇರೆ ಎಂಬ ವಿವೇಚನೆ ಅಷ್ಟೆ.

ಇನ್ನು ಶೀರ್ಷಿಕೆಗಳು. ಗ್ರಂಥಕ್ಕೋ ವರದಿಗೋ ಇಟ್ಟ ಶೀರ್ಷಿಕೆ ಆ ಬರಹದ ಹೆಸರು. ಆದ್ದರಿಂದ ಅದರ ಮುಖ್ಯಪದಗಳಿಗೆಲ್ಲ ದೊಡ್ಡಕ್ಷರ ಕೊಡುವ ಪದ್ಧತಿ ಬಂದಿತು. ಮುಖ್ಯಪದ ಯಾವುದು ಎಂಬಲ್ಲಿಯೇ ಎಡವುವುದು. ಮಳೆಗಾಲಕ್ಕೆ ಮುಂಚೆ ಆಗಬೇಕಾದ ಕೆಲಸಗಳನ್ನು ಕುರಿತ ಒಂದು ವರದಿಗೆ 'ವಾಟ್ ಈಸ್ ಟು ಬಿ ಡನ್ ಬಿಫೋರ್ ದ ರೈನ್ಸ್' ಎಂದು ಹೆಸರಿಟ್ಟೆವೆನ್ನೋಣ. ಮೊದಲ ಮಾತು 'ವಾಟ್', ಕೊನೆಯ ಮಾತು 'ರೈನ್ಸ್'. ಆದಿ ಅಂತ್ಯಗಳಿಗೆ ಯಾವಾಗಲೂ ದೊಡ್ಡಕ್ಷರ. 'ಈಸ್' ಮತ್ತು 'ಬಿ' ಎರಡೆರಡೇ ಅಕ್ಷರದ ಮಾತುಗಳು. ಚಿಕ್ಕವೆಂದು ಅನೇಕರು ಇವನ್ನು ಸಣ್ಣಕ್ಷರದಲ್ಲಿ ಬರೆದುಬಿಡುತ್ತಾರೆ. ಅದು ತಪ್ಪು. ಅವು ಕ್ರಿಯಾಪದಗಳು, 'ಡನ್' ಎಂಬುದರಂತೆಯೇ ದೊಡ್ಡಕ್ಷರಕ್ಕೆ ಅರ್ಹವಾದವು. 'ಟು' ಮತ್ತು 'ದ' ಬರಿಯ ಸಂಬಂಧ ಹೆಣೆಯುವ ಮಾತುಗಳು, ಅವಕ್ಕೆ ಸಣ್ಣಕ್ಷರ. ಮಾತಿನ ಗಾತ್ರವನ್ನಲ್ಲ, ಅದರ ಕೆಲಸವನ್ನು ನೋಡಬೇಕು.

ಉಳಿದದ್ದು 'ಬಿಫೋರ್'. ಇದು ಪ್ರಿಪೊಸಿಷನ್, ಆದರೆ ಆರು ಅಕ್ಷರಗಳ ಉದ್ದದ್ದು. ಇಲ್ಲಿ ವಿದ್ವಾಂಸರಲ್ಲಿಯೇ ಮತಭೇದವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಕೈಪಿಡಿ ನಾಲ್ಕು ಅಥವಾ ಹೆಚ್ಚು ಅಕ್ಷರಗಳಿರುವ ಎಲ್ಲ ಮಾತಿಗೂ ದೊಡ್ಡಕ್ಷರ ಹೇಳುತ್ತದೆ. ಷಿಕಾಗೋ ವಿಶ್ವವಿದ್ಯಾನಿಲಯದ ಮುದ್ರಣಾಲಯದ ಪ್ರಸಿದ್ಧ ಕೈಪಿಡಿ ಪ್ರಿಪೊಸಿಷನ್ ಎಷ್ಟು ಉದ್ದವಿದ್ದರೂ ಸಣ್ಣಕ್ಷರವೇ ಎನ್ನುತ್ತಿತ್ತು. 2024ರ ಹದಿನೆಂಟನೆಯ ಆವೃತ್ತಿಯಲ್ಲಿ ಅದು ಮನಸ್ಸು ಬದಲಿಸಿ, ಐದು ಅಥವಾ ಹೆಚ್ಚು ಅಕ್ಷರದವುಗಳಿಗೆ ದೊಡ್ಡಕ್ಷರ ಒಪ್ಪಿಕೊಂಡಿತು. ಆದ್ದರಿಂದ 'ಬಿಫೋರ್' ಎರಡು ಬಗೆಯಲ್ಲೂ ಕಾಣಸಿಗುತ್ತದೆ. ಯಾವ ಪದ್ಧತಿಯನ್ನಾದರೂ ಹಿಡಿಯಿರಿ. ಒಂದೇ ಬರಹದ ಮೂರನೆಯ ಪುಟದಲ್ಲಿ ಒಂದು, ಮೂವತ್ತನೆಯ ಪುಟದಲ್ಲಿ ಇನ್ನೊಂದು ಆಗಬಾರದು.

ಶೀರ್ಷಿಕೆಯಲ್ಲಿ ತಪ್ಪಿದರೆ ಓದುಗ ಹುಬ್ಬು ಗಂಟಿಕ್ಕಬಹುದು, ಅಷ್ಟೆ. ಕರಾರುಪತ್ರದಲ್ಲಿ ತಪ್ಪಿದರೆ ಹಾಗಲ್ಲ. ಈಗ ನನ್ನ ಪ್ರಸಂಗ.

ಇಪ್ಪತ್ತೆರಡರ ವಯಸ್ಸಿನಲ್ಲಿ ನಾನು ಒಬ್ಬ ವಕೀಲರ ಬಳಿ ಬೆರಳಚ್ಚುಗಾರನಾಗಿದ್ದೆ. ಒಬ್ಬ ಶಾಲಾ ಉಪಾಧ್ಯಾಯರು ಒಂದು ಮನೆಯ ಕೆಳಅಂತಸ್ತನ್ನು ಬಾಡಿಗೆಗೆ ಹಿಡಿದರು. ಇಂಗ್ಲಿಷಿನಲ್ಲಿದ್ದ ಕರಾರಿನ ಮೊದಲ ಕಲಮಿನಲ್ಲಿ ಮೂರು ಕೋಣೆ, ಅಡುಗೆಮನೆ, ಮುಂದಿನ ಜಗಲಿ ಇವಿಷ್ಟನ್ನು ಹೆಸರಿಸಿ, ಇನ್ನು ಮುಂದೆ ಇವನ್ನು 'ಪ್ರೆಮಿಸಸ್' ಎಂದು ಕರೆಯತಕ್ಕದ್ದು ಎಂದು ದೊಡ್ಡ 'ಪಿ'ಯಿಂದ ಬರೆದಿತ್ತು. ಹಾಗೆ ಬರೆದ ಕ್ಷಣದಲ್ಲಿ ಆ ಸಾಮಾನ್ಯ ಮಾತಿಗೆ ನಾಮಕರಣವಾಯಿತು. ದೊಡ್ಡ 'ಪಿ' ಕಂಡಲ್ಲೆಲ್ಲ ಮೂರು ಕೋಣೆ, ಅಡುಗೆಮನೆ, ಜಗಲಿ ಎಂದೇ ಓದಿಕೊಳ್ಳಬೇಕು. ಏಳನೆಯ ಕಲಮು, ಸಣ್ಣಪುಟ್ಟ ರಿಪೇರಿಯನ್ನು ಬಾಡಿಗೆದಾರನೇ ಮಾಡಿಸಬೇಕೆಂಬುದು. ಅಲ್ಲಿ ನನ್ನ ಕಿರುಬೆರಳು ಶಿಫ್ಟ್ ಕೀಲಿಯನ್ನು ಒತ್ತಲು ಮರೆಯಿತು. ಸಣ್ಣ 'ಪಿ' ಬಿದ್ದಿತು. ಯಾರೂ ಗಮನಿಸಲಿಲ್ಲ, ಸಹಿಯಾಯಿತು.

ಮರುವರ್ಷದ ಮಳೆಯಲ್ಲಿ ಹಿತ್ತಲ ಗೋಡೆಯ ಒಂದು ಭಾಗ ಕುಸಿಯಿತು. ಮನೆಯ ಯಜಮಾನರು ರಿಪೇರಿಯ ಖರ್ಚನ್ನು ಉಪಾಧ್ಯಾಯರಿಂದ ಕೇಳಿದರು. ಅವರ ಕಡೆಯವರ ವಾದ ಚುರುಕಾಗಿತ್ತು: ಒಂದೇ ಪತ್ರದಲ್ಲಿ ಒಂದೇ ಮಾತನ್ನು ಎರಡು ಬಗೆಯಾಗಿ ಬರೆದಿದ್ದರೆ ಅರ್ಥವೂ ಎರಡಿರಬೇಕು, ಸಣ್ಣ 'ಪಿ'ಯ ಪ್ರೆಮಿಸಸ್ ಎಂದರೆ ಹಿತ್ತಲು ಗೋಡೆಗಳೂ ಸೇರಿದ ಇಡೀ ಆವರಣ. ನಮ್ಮ ವಕೀಲರು, ಪತ್ರವನ್ನು ಸಮಗ್ರವಾಗಿ ಓದಿ ಉಭಯಪಕ್ಷಗಳ ಉದ್ದೇಶವನ್ನು ಅರಿಯಬೇಕು, ಒಂದು ಅಕ್ಷರದ ಮೇಲೆ ತೀರ್ಮಾನ ನಿಲ್ಲದು ಎಂದರು. ಅದು ನ್ಯಾಯವಾದ ಮಾತು. ದೊಡ್ಡಕ್ಷರಕ್ಕೆ ತಾನಾಗಿಯೇ ಕಾನೂನಿನ ಬಲವಿಲ್ಲ, ಬಲವಿರುವುದು ವ್ಯಾಖ್ಯಾನಕ್ಕೆ. ಆದರೆ ವ್ಯಾಜ್ಯ ಹೂಡುವ ಶಕ್ತಿ ಉಪಾಧ್ಯಾಯರಿಗಿರಲಿಲ್ಲ. ಅರ್ಧ ಖರ್ಚು ಕೊಟ್ಟು ರಾಜಿಯಾದರು. ನನ್ನನ್ನು ಬೈಯಲಿಲ್ಲ. "ಅಕ್ಷರ ಕಲಿಸುವವನು ನಾನು, ಸಹಿ ಹಾಕುವ ಮೊದಲು ನಾನೇ ನೋಡಬೇಕಿತ್ತಪ್ಪ" ಎಂದರು. ಬೈದಿದ್ದರೆ ನಾನು ಎಂದೋ ಮರೆತಿರುತ್ತಿದ್ದೆ.

ಅಂದಿನಿಂದ ನಾನು ಒಂದು ಕ್ರಮವನ್ನು ಬಿಡದೆ ಪಾಲಿಸಿದ್ದೇನೆ. ಕರಾರಿನ ಕರಡು ಸಿದ್ಧವಾದೊಡನೆ ಅದರಲ್ಲಿ ವ್ಯಾಖ್ಯಾನಗೊಂಡ ಮಾತುಗಳನ್ನೆಲ್ಲ ಬೇರೆ ಹಾಳೆಯಲ್ಲಿ ಪಟ್ಟಿ ಮಾಡುವುದು. ಆಮೇಲೆ ಒಂದೊಂದೇ ಮಾತನ್ನು ಹಿಡಿದು ಪತ್ರದ ಉದ್ದಕ್ಕೂ ಬೆರಳಿಟ್ಟು ಹುಡುಕುವುದು. ಸಣ್ಣಕ್ಷರದ್ದು ಸಿಕ್ಕರೆ, ಬೇಕೆಂದೇ ಬರೆದದ್ದೋ ಕೈತಪ್ಪೋ ಎಂದು ಕೇಳುವುದು. ಬೇರೆ ಅರ್ಥವೇ ಬೇಕಾಗಿದ್ದಲ್ಲಿ ಬೇರೆ ಮಾತನ್ನೇ ಹಾಕಿಸುವುದು. ದೊಡ್ಡಕ್ಷರದಲ್ಲಿದ್ದೂ ಎಲ್ಲಿಯೂ ವ್ಯಾಖ್ಯಾನವಿಲ್ಲದ ಮಾತು ಕಂಡರೆ ಅದೂ ಅಪಾಯವೇ. ಹೆಸರಿದೆ, ಹೆಸರಿನ ಧಣಿ ಇಲ್ಲ. ಈಗ ಗಣಕಯಂತ್ರ ಬಂದಿದೆ. ಹುಡುಕುವ ಕಿಟಕಿಯಲ್ಲಿ ಮಾತನ್ನು ಸಣ್ಣಕ್ಷರದಲ್ಲಿ ಬರೆದು Match case ಎಂಬುದನ್ನು ಗುರುತು ಮಾಡಿದರೆ ಸಣ್ಣಕ್ಷರದವು ಮಾತ್ರ ಆಯ್ದು ಬರುತ್ತವೆ. ಅವನ್ನು ಏನು ಮಾಡಬೇಕೆಂಬುದನ್ನು ಮಾತ್ರ ಓದುವವನೇ ನಿರ್ಧರಿಸಬೇಕು.

ಹಿಂದೆ ಇಂಗ್ಲಿಷ್ ಅಚ್ಚುಕೂಟಗಳಲ್ಲಿ ದೊಡ್ಡಕ್ಷರದ ಮೊಳೆಗಳನ್ನು ಮೇಲಿನ ಪೆಟ್ಟಿಗೆಯಲ್ಲಿಯೂ ಸಣ್ಣಕ್ಷರದವನ್ನು ಕೆಳಗಿನ ಪೆಟ್ಟಿಗೆಯಲ್ಲಿಯೂ ಇಡುತ್ತಿದ್ದರು. ಅಪ್ಪರ್ ಕೇಸ್, ಲೋಯರ್ ಕೇಸ್ ಎಂಬ ಹೆಸರು ಬಂದದ್ದು ಹಾಗೆ. ಮೊಳೆ ಜೋಡಿಸುವವನು ದೊಡ್ಡಕ್ಷರ ಬೇಕಾದಾಗ ಕೈಯನ್ನು ಮೇಲಕ್ಕೆ ಚಾಚಬೇಕಾಗಿತ್ತು. ಇಂದು ಕಿರುಬೆರಳನ್ನು ಒತ್ತಿದರೆ ಸಾಕು. ಒತ್ತುವ ಮೊದಲು, ನಾನು ಇಲ್ಲಿ ಯಾವುದಕ್ಕೆ ಹೆಸರಿಡುತ್ತಿದ್ದೇನೆ ಎಂದು ಒಂದು ಗಳಿಗೆ ಕೇಳಿಕೊಳ್ಳುವ ಅಭ್ಯಾಸ ನನಗೆ ಆ ಉಪಾಧ್ಯಾಯರು ಕೊಟ್ಟದ್ದು.