ರಾಜಧಾನಿ ಬದಲಾಯಿತು, ದಾರಿ ಬದಲಾಗಲಿಲ್ಲ



1956ರ ನವೆಂಬರ್ 1ರಂದು ನಮ್ಮ ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ರಾಜಧಾನಿಯೇನೋ ಬೆಂಗಳೂರಾಯಿತು, ಆದರೆ ಬೀದರದಿಂದ ಅದು ಸುಮಾರು 700 ಕಿಲೋಮೀಟರು, ಹೈದರಾಬಾದು 140. ಕೂಲಿಗೆ ಹೊರಡುವವನಿಗೆ ಬಸ್ಸಿನ ದರವೇ ಮುಖ್ಯವಷ್ಟೆ.

ಮಳೆಯನ್ನೇ ನಂಬಿದ ಹೊಲದಲ್ಲಿ ತೊಗರಿಯ ರಾಶಿ ಮುಗಿದರೆ, ಮುಂಗಾರಿನವರೆಗೆ ಹೆಚ್ಚಿನ ಕೆಲಸವಿಲ್ಲ. ಆಗ ಎಷ್ಟೋ ಮಂದಿ ಗಂಡಹೆಂಡಿರು ಇಲ್ಲಿನ ಕಟ್ಟಡದ ಕೆಲಸಕ್ಕೆ ಬರುತ್ತಾರೆ. ಆ ಕೂಲಿಯಿಂದ ಊರಿನ ಸಾಲ ಇಳಿಯುತ್ತದೆ, ಬೀಜಕ್ಕೆ ಹಣ ಒದಗುತ್ತದೆ. ಇದು ಸಣ್ಣ ಲಾಭವಲ್ಲ.

ನಷ್ಟ ತಗಲುವುದು ಜೊತೆಗೆ ಬಂದ ಮಕ್ಕಳಿಗೆ. ಊರಿನ ಕನ್ನಡ ಶಾಲೆಯಲ್ಲಿ ವರ್ಷದ ಪರೀಕ್ಷೆ ನಡೆಯುವ ಹೊತ್ತಿಗೆ ಮಗು ಇಲ್ಲಿ ಮರಳಿನ ಗುಡ್ಡೆಯ ಬಳಿ ತಮ್ಮನನ್ನು ಆಡಿಸುತ್ತಿರುತ್ತದೆ. ಹತ್ತಿರದ ತೆಲುಗು ಶಾಲೆಗೆ ಸೇರಿಸಿದರೂ ಅಕ್ಷರ ಅರ್ಧ ಪರಿಚಿತ, ಪಾಠ ಪೂರ್ತಿ ಅಪರಿಚಿತ. ಜೂನಿನಲ್ಲಿ ಬಿತ್ತನೆಗೆಂದು ಊರಿಗೆ ಮರಳಿದಾಗ, ಅದು ಓರಗೆಯವರಿಗಿಂತ ನಾಲ್ಕು ತಿಂಗಳ ಪಾಠ ಹಿಂದುಳಿದಿರುತ್ತದೆ.