ಬಾಣದ ಮೇಲೆ ಬರೆಯಬೇಕಾದ ಮಾತು

ಶಾಲೆಯಲ್ಲಿ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ಹಿಡಿದು ಹತ್ತಿರ ಕೂರಲಿ. ಪಕ್ಕದಲ್ಲಿ ರಬ್ಬರೂ ಇರಲಿ, ಅದಕ್ಕೆ ಕೆಲಸ ಬೀಳುತ್ತದೆ. ಇವತ್ತಿನ ವಿಷಯ ಪರಿಕಲ್ಪನಾ ನಕ್ಷೆ. ಇತಿಹಾಸದ ಒಂದು ಪಾಠವನ್ನೇ ಹಿಡಿದು, ನಕ್ಷೆ ಬರೆಯುತ್ತಲೇ ಮಾತಾಡೋಣ. ಪಾಠ ನಮ್ಮದೇ ಕಿತ್ತೂರಿನದು.

ಕಿತ್ತೂರಿನ ಹೋರಾಟಕ್ಕೆ ಕಾರಣವೇನು ಎಂದು ಕೇಳಿದರೆ ಅನೇಕ ಮಕ್ಕಳು ಥಟ್ಟನೆ ಹೇಳುವ ಉತ್ತರ, ‘ದತ್ತುಮಕ್ಕಳಿಗೆ ಹಕ್ಕಿಲ್ಲ ಎಂಬ ಡಾಲ್‌ಹೌಸಿಯ ನೀತಿ’. ಆದರೆ ಚೆನ್ನಮ್ಮನ ಯುದ್ಧ ನಡೆದದ್ದು 1824ರಲ್ಲಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದದ್ದು 1848ರಲ್ಲಿ. ಇಪ್ಪತ್ತನಾಲ್ಕು ವರ್ಷ ಆಮೇಲೆ ಬಂದವನು ಮೊದಲು ನಡೆದ ಯುದ್ಧಕ್ಕೆ ಕಾರಣ ಆಗುವುದು ಹೇಗೆ? ಮಕ್ಕಳಿಗೆ ಎರಡು ಇಸವಿಗಳೂ ಗೊತ್ತಿರುತ್ತವೆ. ಒಂದು ಒಂದು ಪಾಠದಲ್ಲಿ, ಇನ್ನೊಂದು ಇನ್ನೊಂದು ಪಾಠದಲ್ಲಿ. ಅವೆರಡನ್ನೂ ಒಂದೇ ಹಾಳೆಯ ಮೇಲೆ ಇಟ್ಟು, ನಡುವೆ ಗೆರೆ ಎಳೆದು ನೋಡುವ ಸಂದರ್ಭವೇ ಅವರಿಗೆ ಒದಗಿರುವುದಿಲ್ಲ. ಪರಿಕಲ್ಪನಾ ನಕ್ಷೆ ಅಂಥ ಸಂದರ್ಭವನ್ನು ಒದಗಿಸುತ್ತದೆ.

ಈ ನಕ್ಷೆಯನ್ನು 1970ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೋವಾಕ್ ಮತ್ತು ಅವರ ಜೊತೆಗಾರರು. ಮಕ್ಕಳು ವಿಜ್ಞಾನವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಅವರು ಹಾಕಿಕೊಂಡ ನಿಯಮ ಸರಳ: ಎರಡು ಚೌಕಗಳನ್ನು ಜೋಡಿಸುವ ಗೆರೆಯ ಮೇಲೆ ಒಂದು ಮಾತು ಇರಲೇಬೇಕು, ಮತ್ತು ಚೌಕ, ಗೆರೆ, ಚೌಕ ಈ ಮೂರನ್ನೂ ಸೇರಿಸಿ ಓದಿದರೆ ಒಂದು ಪೂರ್ತಿ ವಾಕ್ಯವಾಗಬೇಕು. ನಮ್ಮ ಶಾಲೆಗಳ ಗೋಡೆಯ ಮೇಲೆ ಕಾಣುವ ನಕ್ಷೆಗಳಲ್ಲಿ ಚೌಕಗಳು ಬಣ್ಣಬಣ್ಣವಾಗಿರುತ್ತವೆ, ಬಾಣಗಳು ಮಾತ್ರ ಖಾಲಿ. ಬಾಣ ಖಾಲಿ ಇದ್ದರೆ ಅದು ಪಾಠದ ತಲೆಬರಹಗಳನ್ನು ಚಿತ್ರವಾಗಿ ಬರೆದಂತೆ, ಅಷ್ಟೇ. ಕಲಿಕೆ ನಡೆಯುವುದು ಬಾಣದ ಮೇಲೆ ಏನು ಬರೆಯಲಿ ಎಂದು ಮಗು ಯೋಚಿಸುವ ಹೊತ್ತಿನಲ್ಲಿ.

ಈಗ ಹಾಳೆಯ ತಲೆಯಲ್ಲಿ ಒಂದು ಪ್ರಶ್ನೆ ಬರೆಯಿರಿ. ‘ಕಿತ್ತೂರು’ ಎಂದಷ್ಟೇ ಬರೆದರೆ ಗೊತ್ತಿರುವುದೆಲ್ಲ ಬಂದು ತುಂಬಿಕೊಳ್ಳುತ್ತದೆ. ಅದರ ಬದಲು ‘1824ರಲ್ಲಿ ಕಿತ್ತೂರು ಕಂಪನಿ ಸರ್ಕಾರದ ವಿರುದ್ಧ ಯುದ್ಧಕ್ಕೆ ನಿಂತದ್ದೇಕೆ, ಅದರಿಂದ ಏನಾಯಿತು?’ ಎಂದು ಬರೆಯಿರಿ. ಯಾವ ಚೌಕ ಬೇಕು, ಯಾವುದು ಬೇಡ ಎನ್ನುವುದನ್ನು ಈ ಪ್ರಶ್ನೆಯೇ ತೀರ್ಮಾನಿಸುತ್ತದೆ. ಹತ್ತು ಹನ್ನೆರಡು ಚೌಕ ಸಾಕು.

ಎಡಗಡೆ ಮೇಲೆ ಮೊದಲ ಚೌಕ: ‘1818, ಪೇಶ್ವೆಯ ಆಳ್ವಿಕೆಯ ಕೊನೆ’. ಅದರ ಬಲಕ್ಕೆ ‘ಕಿತ್ತೂರು ಕಂಪನಿಗೆ ಕಪ್ಪ ಕೊಡುವ ಸಂಸ್ಥಾನವಾದದ್ದು’. ನಡುವಿನ ಬಾಣದ ಮೇಲೆ ‘ದಾರಿ ಮಾಡಿಕೊಟ್ಟಿತು’ ಎಂದು ಬರೆಯಿರಿ, ‘ಕಾರಣವಾಯಿತು’ ಎಂದು ಬೇಡ. ಏಕೆಂದರೆ ಇದು ಹಿನ್ನೆಲೆ. ಕಪ್ಪ ಕೊಡುತ್ತ ಕಿತ್ತೂರು ಆರು ವರ್ಷ ಯುದ್ಧವಿಲ್ಲದೆ ಇತ್ತು. ಆದರೆ ಈ ಹಿನ್ನೆಲೆ ಇಲ್ಲದಿದ್ದರೆ ಕಿತ್ತೂರಿನ ಗಾದಿಗೆ ಯಾರು ಬರಬೇಕೆಂದು ಹೇಳುವ ಅಧಿಕಾರವೇ ಧಾರವಾಡದ ಕಲೆಕ್ಟರನಿಗೆ ಇರುತ್ತಿರಲಿಲ್ಲ.

ಅದರ ಕೆಳಗೆ ಕಿಡಿ ಹೊತ್ತಿಸಿದ ಘಟನೆಗಳು. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದನೆಂದು ಅರಮನೆ ಹೇಳಿತು. ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನೇ ಅನುಮಾನಿಸಿದ, ಖಜಾನೆಗೆ ಮೊಹರು ಹಾಕಿಸಿ ಕಾವಲಿಟ್ಟ. ‘ದತ್ತಕ’ದಿಂದ ‘ಯುದ್ಧ’ಕ್ಕೆ ನೇರವಾಗಿ ಬಾಣ ಎಳೆಯಲು ಕೈ ಮುಂದಾಗುತ್ತದೆ. ಎಳೆದು, ಗಟ್ಟಿಯಾಗಿ ಓದಿನೋಡಿ: ‘ದತ್ತಕವು ಯುದ್ಧವನ್ನು ತಂದಿತು’. ಇದು ನಿಜವೇ? ದತ್ತಕ ಎಷ್ಟೋ ಮನೆಗಳಲ್ಲಿ ನಡೆಯುತ್ತಿತ್ತು, ಅದರಿಂದ ಯುದ್ಧ ಆಗುತ್ತಿರಲಿಲ್ಲ. ಹಾಗಾದರೆ ನಡುವೆ ಒಂದು ಚೌಕ ಬಿಟ್ಟುಹೋಗಿದೆ. ಅದು ‘ಥ್ಯಾಕರೆಯ ನಿರಾಕರಣೆ ಮತ್ತು ಖಜಾನೆಯ ಮೊಹರು’. ತಪ್ಪು ಬಾಣ ಓದಿದಾಗ ಕಿವಿಗೆ ಸಿಕ್ಕಿಬೀಳುತ್ತದೆ. ಆದ್ದರಿಂದಲೇ ನಕ್ಷೆಯನ್ನು ನೋಡಿದರೆ ಸಾಲದು, ಓದಬೇಕು.

ಡಾಲ್‌ಹೌಸಿಯನ್ನೂ ಇಲ್ಲೇ ವಿಚಾರಿಸಿಬಿಡೋಣ. ಅವನ ಚೌಕದಿಂದ ಕಿತ್ತೂರಿಗೆ ಬಾಣ ಎಳೆಯಲಾಗದು, ಕಾಲ ಹಿಂದಕ್ಕೆ ಹರಿಯುವುದಿಲ್ಲ. ದತ್ತಕವನ್ನು ಒಪ್ಪದೆ ರಾಜ್ಯ ವಶಪಡಿಸಿಕೊಳ್ಳುವ ರೂಢಿ ಅವನಿಗಿಂತ ಮೊದಲೇ ಕಂಪನಿಯಲ್ಲಿತ್ತು, ಅವನು ಅದನ್ನು ಬಿಗಿಯಾದ ನೀತಿಯಾಗಿ ಸತಾರಾ, ಝಾನ್ಸಿ, ನಾಗಪುರಗಳ ಮೇಲೆ ಪ್ರಯೋಗಿಸಿದ. ಹಾಗಾಗಿ ಅವನ ಚೌಕ ಹಾಳೆಯ ಬಲತುದಿಗೆ ಹೋಗಲಿ. ಕಿತ್ತೂರಿನಿಂದ ಅಲ್ಲಿಗೆ ಚುಕ್ಕಿಗೆರೆ ಎಳೆದು ‘ಇದೇ ಬಗೆಯ ನಿರಾಕರಣೆ ಮುಂದೆ’ ಎಂದು ಬರೆಯಿರಿ. ಇದು ಹೋಲಿಕೆಯ ಬಾಣ, ಕಾರಣದ ಬಾಣವಲ್ಲ.

ಮುಂದಿನ ಚೌಕ ಅಕ್ಟೋಬರ್ 23. ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ, ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. ಇದು ಕಾರಣವೋ, ಪರಿಣಾಮವೋ? ಎರಡೂ. ಖಜಾನೆಯ ಮೊಹರಿನ ಕಡೆಯಿಂದ ನೋಡಿದರೆ ಪರಿಣಾಮ. ‘ಕಂಪನಿಯ ದೊಡ್ಡ ಸೇನೆ’ ಎಂಬ ಚೌಕದ ಕಡೆಯಿಂದ ನೋಡಿದರೆ ಕಾರಣ. ಪಾಠಪುಸ್ತಕದ ‘ಕಾರಣಗಳು, ಘಟನೆಗಳು, ಪರಿಣಾಮಗಳು’ ಎಂಬ ಮೂರು ತಲೆಬರಹಗಳಲ್ಲಿ ಈ ಗೆಲುವಿಗೆ ಒಂದೇ ಜಾಗ. ನಕ್ಷೆಯಲ್ಲಿ ಒಂದು ಬಾಣ ಒಳಗೆ ಬರುತ್ತದೆ, ಇನ್ನೊಂದು ಹೊರಗೆ ಹೋಗುತ್ತದೆ. ನನ್ನ ಮಟ್ಟಿಗೆ ಈ ನಕ್ಷೆಯ ದೊಡ್ಡ ಲಾಭ ಇದೇ. ಆ ದೊಡ್ಡ ಸೇನೆ ಬಂದ ಮೇಲೆ ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು.

ಮದ್ದಿನಲ್ಲಿ ಸೆಗಣಿ ಬೆರೆಸಿದ ದ್ರೋಹದ ಕಥೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅದನ್ನು ನಕ್ಷೆಯಿಂದ ಹೊರಗಿಡುವುದು ಬೇಡ. ಚೌಕವನ್ನೇ ಚುಕ್ಕಿಗೆರೆಯಿಂದ ಬರೆದು, ಬಾಣದ ಮೇಲೆ ‘ಎಂದು ಜನ ಹೇಳುತ್ತಾರೆ’ ಎಂದು ಬರೆಯಿರಿ. ದಾಖಲೆ ಯಾವುದು, ಜನರ ನೆನಪು ಯಾವುದು ಎಂಬ ಭೇದ ಮಗುವಿಗೆ ಅಲ್ಲೇ ತಿಳಿಯುತ್ತದೆ.

ಇನ್ನು ಸಂಗೊಳ್ಳಿ ರಾಯಣ್ಣ. ಅವನನ್ನು ಸಾಮಾನ್ಯವಾಗಿ ಕೊನೆಯಲ್ಲಿ ‘ಪರಿಣಾಮ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅದು ಸಾಲದು. ರಾಯಣ್ಣನ ಚೌಕಕ್ಕೆ ಕನಿಷ್ಠ ಮೂರು ಕಡೆಯಿಂದ ಬಾಣ ಬರಬೇಕು. ಕೋಟೆಯ ಪತನದಿಂದ ಒಂದು. ಹೊಸ ಆಡಳಿತದಲ್ಲಿ ಜಮೀನು ಕಳೆದುಕೊಂಡವರ, ಹೆಚ್ಚು ಕಂದಾಯ ತೆರಬೇಕಾದವರ ಸಿಟ್ಟಿನಿಂದ ಇನ್ನೊಂದು, ಆ ಪೆಟ್ಟು ಸ್ವತಃ ರಾಯಣ್ಣನಿಗೂ ಬಿದ್ದಿತ್ತು. ಮೂರನೆಯದು ಬಹಳ ಮೇಲಿನಿಂದ, ಶಿವಲಿಂಗಪ್ಪನ ದತ್ತಕದ ಚೌಕದಿಂದಲೇ ಹಾಳೆಯನ್ನು ಹಾಯ್ದು ಬರುತ್ತದೆ. ಆ ದತ್ತುಪುತ್ರನನ್ನೇ ಗಾದಿಗೆ ತರಬೇಕೆಂದು ರಾಯಣ್ಣ ಹೋರಾಡಿದ. ಇಂಥ ಅಡ್ಡಬಾಣಗಳೇ ನಕ್ಷೆಯ ಜೀವ. 1824ರ ಹೋರಾಟವೂ 1830ರ ಹೋರಾಟವೂ ಒಂದೇ ಪ್ರಶ್ನೆಗೆ ಕಟ್ಟಿಕೊಂಡಿವೆ ಎಂಬುದು ಆ ಒಂದು ಗೆರೆ ಎಳೆದಾಗ ಕಾಣುತ್ತದೆ. ರಾಯಣ್ಣನ ಪಡೆ ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟದ್ದೇಕೆ ಎಂಬುದಕ್ಕೂ ಎರಡನೆಯ ಬಾಣದಲ್ಲಿ ಉತ್ತರವಿದೆ: ಕಂದಾಯದ ಲೆಕ್ಕ ಇದ್ದದ್ದು ಅಲ್ಲಿ. 1831ರ ಜನವರಿಯಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ನಕ್ಷೆ ಕೆಟ್ಟಿದೆ ಎಂದು ತಿಳಿಯುವುದು ಸುಲಭ. ಎಲ್ಲ ಬಾಣಗಳ ಮೇಲೂ ‘ಕಾರಣ’ ಎಂಬ ಒಂದೇ ಮಾತಿದ್ದರೆ, ಮಗು ಯೋಚಿಸದೆ ಬರೆದಿದೆ. ಎಲ್ಲ ಬಾಣಗಳೂ ನಡುವಿನ ಒಂದೇ ಚೌಕಕ್ಕೆ ಹೋಗಿ ಸೇರಿದ್ದರೆ, ಅದು ಪಟ್ಟಿಯನ್ನು ಸುತ್ತಲೂ ಹರಡಿದ್ದು. ಒಂದು ಚೌಕವನ್ನು ಕೈಯಿಂದ ಮುಚ್ಚಿ ‘ಇದಿಲ್ಲದಿದ್ದರೆ ಮುಂದಿನದು ಆಗುತ್ತಿತ್ತೇ?’ ಎಂದು ಕೇಳಿ. ಆಗುತ್ತಿತ್ತು ಎಂದರೆ ಆ ಬಾಣದ ಮಾತು ಬದಲಾಗಬೇಕು.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಮುಂದಿನ ಪಾಠಕ್ಕೆ ನೀವೇ ಪೂರ್ತಿ ನಕ್ಷೆಯನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ನಕಲು ಮಾಡಿಸಬೇಡಿ. ಚೌಕಗಳನ್ನಷ್ಟೇ ಕೊಡಿ, ಬಾಣದ ಮಾತುಗಳನ್ನು ಅವರೇ ಬರೆಯಲಿ. ಅಂಕ ಕೊಡುವುದಿದ್ದರೆ ಆ ಮಾತುಗಳಿಗೆ ಕೊಡಿ.