ಮೇಲಿನಿಂದ ಸುರಿದ ಹಣ, ಸಾಲಪತ್ರದಿಂದ ತಂದ ಹಣ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘಟಕರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಅರ್ಥಶಾಸ್ತ್ರದ ಮೇಷ್ಟ್ರು ಇಪ್ಪತ್ತು ನಿಮಿಷದಲ್ಲಿ ದೇಶದ ಆರ್ಥಿಕತೆ ಹೇಳಲಾರ. ಒಂದು ಪ್ರಶ್ನೆಗೆ ಉತ್ತರ ಹೇಳಬಲ್ಲ. ನಮ್ಮ ಶಾಲೆಯಿಂದ ಹೋಗಿ ಪದವಿಯಲ್ಲಿ ಅರ್ಥಶಾಸ್ತ್ರ ತೆಗೆದುಕೊಂಡಿರುವ ಮಕ್ಕಳು ಇಲ್ಲಿದ್ದೀರಿ. ನಿಮಗೆ ಪರೀಕ್ಷೆಯಲ್ಲಿ ಬರಬಹುದಾದ ಪ್ರಶ್ನೆ ಇದು: "ಸರ್ಕಾರ ನೂರು ಕೋಟಿ ರೂಪಾಯಿಯನ್ನು ಜನರಿಗೆ ಹಂಚುತ್ತದೆ. ಹೆಲಿಕಾಪ್ಟರ್ ಹಣದಿಂದ ಹಂಚಿದರೆ ಏನಾಗುತ್ತದೆ, ಸಾಲಪತ್ರ ಮಾರಿ ಹಂಚಿದರೆ ಏನಾಗುತ್ತದೆ? ಹೋಲಿಸಿ ಬರೆಯಿರಿ." ಪರೀಕ್ಷೆ ಇಲ್ಲದವರಿಗೂ ಈ ಪ್ರಶ್ನೆ ಬೇಕು. ಖಾತೆಗೆ ಎರಡು ಸಾವಿರ ಬಂದಾಗಲೆಲ್ಲ ನಮ್ಮ ಅರಳಿಕಟ್ಟೆಯ ಮೇಲೆ "ಸರ್ಕಾರ ನೋಟು ಮುದ್ರಿಸಿ ಹಂಚ್ತಾ ಇದೆ" ಎನ್ನುವ ಮಾತು ಬಂದೇ ಬರುತ್ತದೆ. ಆ ಮಾತು ನಿಜವೋ ಅಲ್ಲವೋ ಎಂಬುದನ್ನು ಕೊನೆಗೆ ನೀವೇ ತೀರ್ಮಾನಿಸುತ್ತೀರಿ.

ಮೊದಲು ಹೆಸರಿನ ವಿಚಾರ. ಅಮೆರಿಕದ ಮಿಲ್ಟನ್ ಫ್ರೀಡ್ಮನ್ 1969ರಲ್ಲಿ ಒಂದು ಪ್ರಬಂಧದಲ್ಲಿ, ಹೆಲಿಕಾಪ್ಟರೊಂದು ಊರಿನ ಮೇಲೆ ಹಾರಿ ನೋಟು ಸುರಿದು ಹೋಯಿತು ಎಂದು ಕಲ್ಪಿಸಿಕೊಳ್ಳಿ ಎಂದರು. ಅದರಲ್ಲಿ ಎರಡು ಷರತ್ತುಗಳಿದ್ದವು. ಸುರಿದ ಹಣವನ್ನು ಯಾರೂ ವಾಪಸ್ ಕೇಳುವುದಿಲ್ಲ. ಹೆಲಿಕಾಪ್ಟರ್ ಮತ್ತೆ ಬರುವುದಿಲ್ಲ ಎಂದು ಜನರಿಗೂ ಗೊತ್ತು. ಇವತ್ತಿನ ಭಾಷೆಯಲ್ಲಿ ಹೇಳಿದರೆ, ಕೇಂದ್ರ ಬ್ಯಾಂಕು ಹೊಸದಾಗಿ ಸೃಷ್ಟಿಸಿದ ಹಣವನ್ನು ಸಾಲವಾಗಿ ಅಲ್ಲ, ಶಾಶ್ವತವಾಗಿ ಜನರ ಕೈಗೆ ಕೊಡುವುದೇ ಹೆಲಿಕಾಪ್ಟರ್ ಹಣ.

ಈಗ ಲೆಕ್ಕ ಮಾಡೋಣ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ಸೇರಿ ಒಂದು ಲಕ್ಷ ಮನೆಗಳಿಗೆ ತಲಾ ಹತ್ತು ಸಾವಿರ ಹಾಕುತ್ತಾರೆ ಎಂದು ಇಟ್ಟುಕೊಳ್ಳಿ. ಇದು ಉದಾಹರಣೆಗಾಗಿ ಹಿಡಿದ ಸಂಖ್ಯೆ. ಒಟ್ಟು ನೂರು ಕೋಟಿ ಆಯಿತು.

ಮೊದಲ ದಾರಿ ಹೆಲಿಕಾಪ್ಟರಿನದು. ರಿಸರ್ವ್ ಬ್ಯಾಂಕು ಸರ್ಕಾರದ ಖಾತೆಯಲ್ಲಿ ನೂರು ಕೋಟಿ ಎಂದು ಬರೆಯುತ್ತದೆ. ಸರ್ಕಾರ ಅದನ್ನು ಮನೆಮನೆಯ ಖಾತೆಗೆ ಕಳಿಸುತ್ತದೆ. ಕೊನೆಯಲ್ಲಿ ಜನರ ಠೇವಣಿ ನೂರು ಕೋಟಿ ಹೆಚ್ಚಾಗಿರುತ್ತದೆ. ಅವರ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟಿರುವ ಮೀಸಲು ಹಣವೂ ನೂರು ಕೋಟಿ ಹೆಚ್ಚಾಗಿರುತ್ತದೆ. ಯಾರ ತಲೆಯ ಮೇಲೂ ಹೊಸ ಸಾಲಪತ್ರ ಇಲ್ಲ.

ಎರಡನೆಯ ದಾರಿಯಲ್ಲಿ ಸರ್ಕಾರ ನೂರು ಕೋಟಿಯ ಸಾಲಪತ್ರ ಮಾರುತ್ತದೆ. ಉಳಿತಾಯ ಇದ್ದವರು, ವಿಮಾ ಕಂಪನಿ, ಭವಿಷ್ಯ ನಿಧಿ ಇಂಥವರು ಕೊಳ್ಳುತ್ತಾರೆ. ಅವರ ಠೇವಣಿ ನೂರು ಕೋಟಿ ಕಡಿಮೆಯಾಗಿ ಅವರ ಕೈಗೆ ಸಾಲಪತ್ರ ಬರುತ್ತದೆ. ಅದೇ ನೂರು ಕೋಟಿಯನ್ನು ಸರ್ಕಾರ ನಮ್ಮ ಮನೆಗಳಿಗೆ ಹಾಕುತ್ತದೆ. ಅಲ್ಲಿ ಕಡಿಮೆಯಾದ ಠೇವಣಿ ಇಲ್ಲಿ ಹೆಚ್ಚಾಯಿತು. ದೇಶದ ಒಟ್ಟು ಹಣ ಎಷ್ಟಿತ್ತೋ ಅಷ್ಟೇ ಇದೆ. ಹೊಸದಾಗಿ ಹುಟ್ಟಿದ್ದು ನೂರು ಕೋಟಿಯ ಸಾಲಪತ್ರ ಮಾತ್ರ. ಬಡ್ಡಿ ಶೇಕಡಾ ಏಳು ಎಂದರೆ ವರ್ಷಕ್ಕೆ ಏಳು ಕೋಟಿ, ಅದು ಮುಂದಿನ ತೆರಿಗೆಯಿಂದ ಹೋಗಬೇಕು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಮನೆಗೆ ಬಂದದ್ದು ಹತ್ತು ಸಾವಿರವೇ. ವ್ಯತ್ಯಾಸ ಒಂದೇ: ಮೊದಲನೆಯದರಲ್ಲಿ ದೇಶದ ಜನರ ಕೈಯಲ್ಲಿ ನೂರು ಕೋಟಿ ಹೊಸ ಹಣ ಉಳಿಯಿತು, ಎರಡನೆಯದರಲ್ಲಿ ನೂರು ಕೋಟಿ ಸಾಲಪತ್ರ ಉಳಿಯಿತು. ಈಗ ಎರಡನೆಯ ದಾರಿಯ ನಂತರ ರಿಸರ್ವ್ ಬ್ಯಾಂಕು ಬಂದು, ಹೊಸ ಹಣ ಕೊಟ್ಟು ಆ ಸಾಲಪತ್ರವನ್ನೆಲ್ಲ ಕೊಂಡು, ಎಂದೆಂದಿಗೂ ತನ್ನಲ್ಲೇ ಇಟ್ಟುಕೊಂಡಿತು ಎನ್ನಿ. ಆಗ ಎರಡೂ ದಾರಿ ಒಂದೇ ಕಡೆ ಸೇರುತ್ತವೆ. ಆ ಸಾಲಪತ್ರದ ಬಡ್ಡಿಯನ್ನು ಸರ್ಕಾರ ರಿಸರ್ವ್ ಬ್ಯಾಂಕಿಗೆ ಕಟ್ಟುತ್ತದೆ, ರಿಸರ್ವ್ ಬ್ಯಾಂಕಿನ ಮಿಗತೆ ಸರ್ಕಾರಕ್ಕೇ ವಾಪಸ್ ಬರುತ್ತದೆ. ಪರೀಕ್ಷೆಯ ಉತ್ತರದ ಬೆನ್ನೆಲುಬು ಈ ಒಂದು ವಾಕ್ಯ: ಸಾಲಪತ್ರದ ವೆಚ್ಚಕ್ಕೆ ಕೇಂದ್ರ ಬ್ಯಾಂಕಿನ ಶಾಶ್ವತ ಸಾಲಪತ್ರ ಖರೀದಿಯನ್ನು ಕೂಡಿಸಿದರೆ ಹೆಲಿಕಾಪ್ಟರ್ ಹಣ. ಐಎಸ್-ಎಲ್‌ಎಂ ಚಿತ್ರ ಬರೆಯುವವರು ಸಾಲಪತ್ರದ ದಾರಿಗೆ ಐಎಸ್ ರೇಖೆಯನ್ನು ಮಾತ್ರ ಬಲಕ್ಕೆ ಸರಿಸಿ. ಹೆಲಿಕಾಪ್ಟರಿಗೆ ಐಎಸ್, ಎಲ್‌ಎಂ ಎರಡನ್ನೂ ಸರಿಸಿ.

ಇದರಿಂದ ನಮ್ಮೂರಿಗೆ ಏನು ಫರಕು? ಸಾಲಪತ್ರದ ದಾರಿಯಲ್ಲಿ ಸರ್ಕಾರವೂ ಸಾಲ ಕೇಳುವವರ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಬಡ್ಡಿ ಏರುತ್ತದೆ. ತೆಂಗಿನ ನಾರಿನ ಘಟಕಕ್ಕೆ ಯಂತ್ರ ತರಬೇಕೆಂದಿದ್ದವನು ಈ ಬಡ್ಡಿಗೆ ಬೇಡ ಎಂದು ಕೈಬಿಡುತ್ತಾನೆ. ಹಂಚಿದ ಹಣದಿಂದ ಹುಟ್ಟಿದ ಬೇಡಿಕೆಯಲ್ಲಿ ಒಂದು ಪಾಲು ಹೀಗೆ ಕಳೆದುಹೋಗುತ್ತದೆ. ಹೆಲಿಕಾಪ್ಟರಿನ ದಾರಿಯಲ್ಲಿ ಬ್ಯಾಂಕುಗಳ ಕೈಯಲ್ಲಿ ಹಣ ತುಂಬಿರುವುದರಿಂದ ಬಡ್ಡಿ ಹಾಗೆ ಏರುವುದಿಲ್ಲ. ಬೇಡಿಕೆ ಪೂರ್ತಿ ಉಳಿಯುತ್ತದೆ.

ಇಲ್ಲಿ ಬಹಳ ಮಂದಿ ಪೆನ್ನು ಕೆಳಗಿಟ್ಟು ಬಿಡುತ್ತಾರೆ. "ಹಾಗಾದರೆ ಹೆಲಿಕಾಪ್ಟರ್ ಹಣ ಪುಕ್ಕಟೆ" ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಎರಡು ಕಡೆ ಅದಕ್ಕೆ ತಡೆ ಇದೆ.

ಮೊದಲನೆಯ ತಡೆ ರಿಸರ್ವ್ ಬ್ಯಾಂಕಿನ ಒಳಗೇ ಇದೆ. ಬ್ಯಾಂಕುಗಳ ಬಳಿ ಬೇಕಾದ್ದಕ್ಕಿಂತ ಹೆಚ್ಚು ಮೀಸಲು ಹಣ ಬಿದ್ದಿದ್ದರೆ, ಅವು ಒಬ್ಬರಿಗೊಬ್ಬರು ರಾತ್ರಿಯ ಮಟ್ಟಿಗೆ ಕೊಡುವ ಸಾಲದ ಬಡ್ಡಿ ಕುಸಿಯುತ್ತದೆ. ರಿಸರ್ವ್ ಬ್ಯಾಂಕು ರೆಪೊ ದರವನ್ನು ಬೆಲೆಯೇರಿಕೆಯ ಗುರಿಗೆ ತಕ್ಕಂತೆ ನಿಗದಿ ಮಾಡಿರುತ್ತದೆ, ಆ ದರವನ್ನು ಹಾಗೆ ಕುಸಿಯಲು ಬಿಡುವುದಿಲ್ಲ. 2022ರ ಏಪ್ರಿಲ್‌ನಿಂದ ಅದಕ್ಕೆ ಸ್ಥಾಯಿ ಠೇವಣಿ ಸೌಲಭ್ಯ ಎಂಬ ವ್ಯವಸ್ಥೆ ಇದೆ. ಬ್ಯಾಂಕುಗಳು ಹೆಚ್ಚಿನ ಹಣವನ್ನು ರಿಸರ್ವ್ ಬ್ಯಾಂಕಿನಲ್ಲಿ ಇಟ್ಟು ಬಡ್ಡಿ ಪಡೆಯುತ್ತವೆ. ನಮ್ಮ ನೂರು ಕೋಟಿಯೂ ಅಲ್ಲಿಗೇ ಹೋಯಿತು, ಬಡ್ಡಿ ಶೇಕಡಾ ಐದು ಎನ್ನಿ. ರಿಸರ್ವ್ ಬ್ಯಾಂಕಿಗೆ ವರ್ಷಕ್ಕೆ ಐದು ಕೋಟಿ ಖರ್ಚು. ಅದು ಸರ್ಕಾರಕ್ಕೆ ಕಳಿಸುವ ಮಿಗತೆಯಲ್ಲಿ ಅಷ್ಟೇ ಕಡಿಮೆಯಾಗುತ್ತದೆ. 2025ರ ಮೇ ತಿಂಗಳಲ್ಲಿ ಹೀಗೆ ಸರ್ಕಾರಕ್ಕೆ ಹೋದ ಮಿಗತೆ ಸುಮಾರು 2.69 ಲಕ್ಷ ಕೋಟಿ ರೂಪಾಯಿ, ಅಂದರೆ ಇದು ಬಜೆಟ್ಟಿಗೆ ಸಣ್ಣ ವಿಷಯವಲ್ಲ. ಈಗ ಹೋಲಿಸಿ: ಸಾಲಪತ್ರಕ್ಕೆ ಏಳು ಕೋಟಿ, ಹೆಲಿಕಾಪ್ಟರಿಗೆ ಐದು ಕೋಟಿ. ಉಳಿದದ್ದು ಎರಡು ಕೋಟಿ ಮಾತ್ರ. ನೂರು ಕೋಟಿಯಲ್ಲಿ ಜನ ನೋಟಾಗಿಯೇ ಮನೆಯಲ್ಲಿ ಇಟ್ಟುಕೊಂಡ ಭಾಗಕ್ಕೆ, ಕಡ್ಡಾಯ ಮೀಸಲಾಗಿ ಹೋದ ಸಣ್ಣ ಪಾಲಿಗೆ ಬಡ್ಡಿ ಇಲ್ಲ. ಅಷ್ಟು ಮಾತ್ರ ನಿಜವಾಗಿ ಪುಕ್ಕಟೆ.

ಎರಡನೆಯ ತಡೆ ತೋಟದಲ್ಲಿದೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕೈಗೆ ಹಣ ಬಂದ ದಿನ ಮರದಲ್ಲಿ ಕಾಯಿ ಹೆಚ್ಚಾಗುವುದಿಲ್ಲ. ನಾಟಿ ತಳಿಯ ಸಸಿ ಫಲಕ್ಕೆ ಬರಲು ಆರೇಳು ವರ್ಷ, ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ಕೊಬ್ಬರಿ ಇತ್ತು, ಆ ಬೆಲೆಗೆ ಕೊಳ್ಳುವವರಿರಲಿಲ್ಲ. ಅಂಥ ಹೊತ್ತಿನಲ್ಲಿ ಬಂದ ಬೇಡಿಕೆ ಅಟ್ಟದ ಮಾಲನ್ನು ಕೆಳಗಿಳಿಸುತ್ತದೆ. 2025ರಲ್ಲಿ ಕಾಯಿಯೇ ಇಲ್ಲದೆ ಬೆಲೆ ಬೆಂಬಲ ಬೆಲೆಯ ಎರಡು ಪಟ್ಟು ದಾಟಿತು. ಅಂಥ ಹೊತ್ತಿನಲ್ಲಿ ಬಂದ ಬೇಡಿಕೆ ಬೆಲೆಯನ್ನಷ್ಟೇ ಏರಿಸುತ್ತದೆ. ದೇಶದ ಒಟ್ಟು ಸರಕಿಗೂ ಇದೇ ನಿಯಮ. ಕೈಗಳೂ ಯಂತ್ರಗಳೂ ಖಾಲಿ ಕೂತಿದ್ದರೆ ಹೊಸ ಹಣ ಉತ್ಪಾದನೆಯಾಗುತ್ತದೆ. ಇಲ್ಲದಿದ್ದರೆ ಬೆಲೆಯೇರಿಕೆಯಾಗುತ್ತದೆ, ಅದರ ಭಾರ ಕೂಲಿಯವರ ಮೇಲೆ, ಬ್ಯಾಂಕಿನಲ್ಲಿ ಠೇವಣಿ ಇಟ್ಟ ಮುದುಕರ ಮೇಲೆ ತೆರಿಗೆಯ ಹಾಗೆಯೇ ಬೀಳುತ್ತದೆ. ಸಾಲಪತ್ರದ ಭಾರ ಮುಂದಿನ ತೆರಿಗೆದಾರನ ಮೇಲೆ, ಹೆಲಿಕಾಪ್ಟರಿನ ಭಾರ ಬೆಲೆ ಏರಿದಾಗ ಕೈಯಲ್ಲಿ ನಗದು ಇದ್ದವನ ಮೇಲೆ. ಯಾರು ಹೊರುತ್ತಾರೆ ಎಂಬುದು ಬದಲಾಗುತ್ತದೆ.

ಈಗ ಅರಳಿಕಟ್ಟೆಯ ಮಾತಿಗೆ ಬರೋಣ. ಒಂದು ಯೋಜನೆ ಹೆಲಿಕಾಪ್ಟರ್ ಹಣವೋ ಅಲ್ಲವೋ ಎಂದು ತಿಳಿಯಲು ಎರಡು ಪ್ರಶ್ನೆ ಸಾಕು. ಹಣ ಹೊಸದಾಗಿ ರಿಸರ್ವ್ ಬ್ಯಾಂಕಿನ ಪುಸ್ತಕದಲ್ಲಿ ಹುಟ್ಟಿತೇ? ಅದು ವಾಪಸ್ ಹೋಗಬೇಕೇ?

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ಒಂದು ಕೋಟಿಗೂ ಹೆಚ್ಚು ಮನೆಯೊಡತಿಯರಿಗೆ ತಿಂಗಳಿಗೆ ಎರಡು ಸಾವಿರ. ನೋಡಲು ಫ್ರೀಡ್ಮನ್ ಹೇಳಿದ ಚಿತ್ರದಂತೆಯೇ ಇದೆ. ಆದರೆ ರಾಜ್ಯ ಸರ್ಕಾರಕ್ಕೆ ಹಣ ಸೃಷ್ಟಿಸುವ ಅಧಿಕಾರವೇ ಇಲ್ಲ. ಅದರ ಖಜಾನೆಗೆ ಬರುವುದು ತೆರಿಗೆ, ಕೇಂದ್ರದ ಪಾಲು, ಮತ್ತು ಸಾಲ. ಆ ಸಾಲದ ದೊಡ್ಡ ಭಾಗ ರಾಜ್ಯ ಅಭಿವೃದ್ಧಿ ಸಾಲಪತ್ರಗಳಿಂದ ಬರುತ್ತದೆ. ರಾಜ್ಯದ ಪರವಾಗಿ ರಿಸರ್ವ್ ಬ್ಯಾಂಕು ಅವನ್ನು ಹರಾಜು ಹಾಕುತ್ತದೆ. ತಾನು ಕೊಳ್ಳುವುದಿಲ್ಲ, ಬ್ಯಾಂಕುಗಳೂ ವಿಮಾ ಕಂಪನಿಗಳೂ ಕೊಳ್ಳುತ್ತವೆ. ಆದ್ದರಿಂದ ನಮ್ಮ ತಾಯಂದಿರ ಖಾತೆಗೆ ಬರುವ ಎರಡು ಸಾವಿರ ಎರಡನೆಯ ದಾರಿಯ ಹಣ. ಅದು ಬೇಕೋ ಬೇಡವೋ ಎಂದು ವಾದ ಮಾಡಿ, ಆದರೆ ನೋಟು ಮುದ್ರಿಸಿ ಕೊಟ್ಟದ್ದು ಎಂದು ವಾದ ಮಾಡಬೇಡಿ.

ಹಾಗಾದರೆ ನಮ್ಮ ದೇಶದಲ್ಲಿ ಮೊದಲ ದಾರಿ ಇರಲೇ ಇಲ್ಲವೇ? ಹತ್ತಿರದ್ದು ಇತ್ತು. 1955ರಿಂದ ಕೇಂದ್ರ ಸರ್ಕಾರದ ಖಾತೆಯಲ್ಲಿ ಶಿಲ್ಕು ಗೊತ್ತಾದ ಮಟ್ಟಕ್ಕಿಂತ ಇಳಿದರೆ ಅಡ್‌ಹಾಕ್ ಟ್ರೆಜರಿ ಬಿಲ್ ಎಂಬ 91 ದಿನದ ಪತ್ರ ತಾನಾಗಿ ಹುಟ್ಟುತ್ತಿತ್ತು, ರಿಸರ್ವ್ ಬ್ಯಾಂಕು ಅದನ್ನು ಇಟ್ಟುಕೊಂಡು ಹಣ ಕೊಡುತ್ತಿತ್ತು. ಹೆಸರಿಗೆ 91 ದಿನ, ನಡೆದದ್ದು ಮುಗಿದಂತೆಲ್ಲ ನವೀಕರಣ. 1974ರಿಂದ ಅದರ ಬಡ್ಡಿ ಶೇಕಡಾ 4.6ಕ್ಕೇ ನಿಂತಿತ್ತು. ಪಾವತಿಸದ ಕೈಸಾಲದ ಹಾಗೆ ಅದು ಬೆಳೆದು, ಬೆಲೆಯೇರಿಕೆ ಹಿಡಿತಕ್ಕೆ ಸಿಗುವುದು ಕಷ್ಟವಾಯಿತು. 1997ರ ಮಾರ್ಚ್ ಕೊನೆಗೆ ಅದನ್ನು ನಿಲ್ಲಿಸಿ, ಮಿತಿಯುಳ್ಳ ಅಲ್ಪಾವಧಿ ಮುಂಗಡದ ವ್ಯವಸ್ಥೆ ತಂದರು. 2006ರ ಏಪ್ರಿಲ್‌ನಿಂದ ಸರ್ಕಾರದ ಸಾಲಪತ್ರವನ್ನು ರಿಸರ್ವ್ ಬ್ಯಾಂಕು ನೇರವಾಗಿ ಕೊಳ್ಳುವುದನ್ನು ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಡೆಯಿತು. ತೀರ ಅಪರೂಪದ ಸಂದರ್ಭಕ್ಕೆ ಮಾತ್ರ ವಿನಾಯಿತಿ. 2020ರ ಏಪ್ರಿಲ್‌ನಲ್ಲಿ ಕೊರೊನಾ ಹೊತ್ತಿಗೆ ಆಗಿನ ತೆಲಂಗಾಣದ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಹೆಲಿಕಾಪ್ಟರ್ ಹಣ ಬೇಕೆಂದು ಹೆಸರು ಹಿಡಿದೇ ಕೇಳಿದರು. ಆಗ ರಿಸರ್ವ್ ಬ್ಯಾಂಕು ಮಾರುಕಟ್ಟೆಯಿಂದ ಸಾಲಪತ್ರ ಕೊಂಡಿತು. ಆದರೆ ಕೊಂಡದ್ದನ್ನು ಮತ್ತೆ ಮಾರಬಹುದು. ಶಾಶ್ವತ ಎಂಬ ಷರತ್ತು ಅಲ್ಲಿ ಇರಲಿಲ್ಲ.

ಮಕ್ಕಳೇ, ಉತ್ತರ ಪತ್ರಿಕೆಯಲ್ಲಿ ನಾಲ್ಕು ಮಾತು ಇಷ್ಟೇ ಬರೆಯಿರಿ. ಎರಡರಲ್ಲೂ ಜನರಿಗೆ ಸಿಗುವುದು ಒಂದೇ. ಸಾಲಪತ್ರದಲ್ಲಿ ಹಣದ ಪೂರೈಕೆ ಬದಲಾಗದೆ ಬಡ್ಡಿಯೂ ಸಾಲವೂ ಏರುತ್ತವೆ, ಹೆಲಿಕಾಪ್ಟರಿನಲ್ಲಿ ಹಣದ ಪೂರೈಕೆ ಏರುತ್ತದೆ. ವ್ಯತ್ಯಾಸವೆಲ್ಲ ಒಂದು ಶಾಶ್ವತ ಸಾಲಪತ್ರ ಖರೀದಿಯಲ್ಲಿದೆ. ಆ ಹಣಕ್ಕೆ ಕೇಂದ್ರ ಬ್ಯಾಂಕು ಬಡ್ಡಿ ಕೊಡಲು ಶುರುಮಾಡಿದ ಕೂಡಲೇ ಆ ವ್ಯತ್ಯಾಸ ಕರಗುತ್ತದೆ. ಸಾಲಪತ್ರವನ್ನು ಕೊಂಡವರು ಬ್ಯಾಂಕುಗಳೇ ಆಗಿದ್ದರೆ ಠೇವಣಿ ಸ್ವಲ್ಪ ಹೆಚ್ಚಬಹುದು ಎಂದು ಒಂದು ಸಾಲು ಸೇರಿಸಿದರೆ, ಪತ್ರಿಕೆ ತಿದ್ದುವ ಮೇಷ್ಟ್ರು ಒಮ್ಮೆ ನಿಂತು ನೋಡುತ್ತಾರೆ.

ಗಂಟೆ ಹೊಡೆಯುವ ಮೊದಲೇ ಮುಗಿಸಿದ್ದೇನೆ.